ಮೂರು ಕೊಟೇಶನ್‌ಗಳಲ್ಲಿ ಕಡಿಮೆ ಯಾರದು? ತುಲನಾತ್ಮಕ ಪಟ್ಟಿ ಮತ್ತು ಶಿಫಾರಸು ಟಿಪ್ಪಣಿ

ಪ್ರಶ್ನೆ: ದಾವಣಗೆರೆಯ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಗುಮಾಸ್ತನಾಗಿ ಸೇರಿದ್ದೇನೆ. ಕಂಪ್ಯೂಟರ್ ಕೊಠಡಿಯ ಯುಪಿಎಸ್‌ಗೆ ಬ್ಯಾಟರಿ ಖರೀದಿಸಲು ಮೂರು ಕೊಟೇಶನ್ ಬಂದಿವೆ. ತುಲನಾತ್ಮಕ ಪಟ್ಟಿ ಮಾಡಿ, ಶಿಫಾರಸು ಬರೆದು ಖರೀದಿ ಸಮಿತಿಯ ಮುಂದಿಡಲು ಹೇಳಿದ್ದಾರೆ. ಕಡಿಮೆ ದರ ಬರೆದವರ ಹೆಸರು ಹಾಕಿದರೆ ಸಾಕಲ್ಲವೇ?

ಉತ್ತರ: ಸಾಲದು. ಯಾರು ಕಡಿಮೆ ಎಂಬುದೇ ಕೊಟೇಶನ್ ನೋಡಿದ ತಕ್ಷಣ ತಿಳಿಯುವುದಿಲ್ಲ. ನಾನು ಇದೇ ಊರಿನ ಒಂದು ವಿದ್ಯಾಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ನಮ್ಮಲ್ಲೂ ಯುಪಿಎಸ್‌ಗೆ 12 ವೋಲ್ಟ್, 42 ಆಂಪಿಯರ್-ಅವರ್‌ನ 16 ಬ್ಯಾಟರಿ ಬೇಕಾಗಿದ್ದವು. ಆ ಕಡತವನ್ನೇ ಬಿಚ್ಚಿಡುತ್ತೇನೆ, ನಿಮ್ಮದಕ್ಕೆ ಹೊಂದಿಸಿಕೊಳ್ಳಿ.

ಮಂಡಿಪೇಟೆಯ ಅಂಗಡಿಯವರು ಒಂದಕ್ಕೆ 4,200 ರೂಪಾಯಿ ಎಂದು ಬರೆದು, ಕೆಳಗೆ ಸಣ್ಣಕ್ಷರದಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂದಿದ್ದರು. ಚಿತ್ರದುರ್ಗದವರದು 4,850, ತೆರಿಗೆ ಸೇರಿ. ಜೋಡಣೆಗೆ ಮಾತ್ರ ಬೇರೆ ಹಣ. ಹುಬ್ಬಳ್ಳಿಯವರದು 3,950, ತೆರಿಗೆಯೂ ಬೇರೆ, ಸಾಗಣೆ ಮತ್ತು ಜೋಡಣೆಯೂ ಬೇರೆ. ದರದ ಕಾಲಂ ಮಾತ್ರ ಓದಿದರೆ ಹುಬ್ಬಳ್ಳಿಯವರೇ ಗೆದ್ದಂತೆ. ಶಾಲೆಯ ಕೈಯಿಂದ ಕೊನೆಗೆ ಹೋಗುವ ಹಣವನ್ನು ಒಂದೇ ಅಳತೆಗೆ ತಂದಾಗ ಚಿತ್ರ ಹೀಗಾಯಿತು:

| ವಿವರ (ರೂಪಾಯಿಗಳಲ್ಲಿ) | ಮಂಡಿಪೇಟೆ | ಚಿತ್ರದುರ್ಗ | ಹುಬ್ಬಳ್ಳಿ |
|---|---|---|---|
| ಬರೆದುಕೊಟ್ಟ ದರ, ಒಂದಕ್ಕೆ | 4,200 | 4,850 | 3,950 |
| 16 ಬ್ಯಾಟರಿಗೆ, ತೆರಿಗೆ ಸೇರಿ | 79,296 | 77,600 | 74,576 |
| ಸಾಗಣೆ, ಜೋಡಣೆ, ತೆರಿಗೆ ಸೇರಿ | ದರದಲ್ಲಿ ಸೇರಿದೆ | 1,770 | 2,360 |
| ಹಳೆಯ ಬ್ಯಾಟರಿಗೆ ಕಡಿತ | 16,000 | 13,600 | ಪಡೆಯುವುದಿಲ್ಲ |
| ನಿವ್ವಳ ವೆಚ್ಚ | 63,296 | 65,770 | 76,936 |

ತೆರಿಗೆ ಸೇರಿಸಿಯೇ ಹೋಲಿಸಬೇಕು ಎನ್ನಲು ಕಾರಣವಿದೆ. ಶಾಲೆ ಕೊಟ್ಟ ಜಿಎಸ್‌ಟಿ ಅದಕ್ಕೆ ಮರಳಿ ದಕ್ಕುವುದಿಲ್ಲ, ಅದು ಪೂರ್ತಿ ಖರ್ಚೇ. ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳಬಲ್ಲ ವ್ಯಾಪಾರಿ ಸಂಸ್ಥೆಯಾಗಿದ್ದರೆ ತೆರಿಗೆ ಬಿಟ್ಟು ಹೋಲಿಸಬಹುದಿತ್ತು. ತೆರಿಗೆಯ ಪ್ರಮಾಣವನ್ನೂ ಒಮ್ಮೆ ನೋಡಿಕೊಳ್ಳಿ: ಸೀಸ-ಆಮ್ಲದ ಬ್ಯಾಟರಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಬಂದಿದೆ. ಯಾರಾದರೂ ಹಳೆಯ ನಮೂನೆಯಲ್ಲೇ 28 ಹಾಕಿ ಕಳುಹಿಸಿದ್ದರೆ ಅವರದು ವಿನಾಕಾರಣ ದುಬಾರಿಯಾಗಿ ಕಾಣುತ್ತದೆ.

ಈಗ ಹಳೆಯ ಬ್ಯಾಟರಿಯ ವಿಷಯ. ಈ ಖರೀದಿಯ ಗಂಟು ಇರುವುದೇ ಇಲ್ಲಿ. ಮಂಡಿಪೇಟೆಯವರ ಕೊಟೇಶನ್ನಿನ ತಳದಲ್ಲಿದ್ದ ಮೊತ್ತ 63,296 ಅಲ್ಲ, 60,416. ಅವರು ಮೊದಲು 67,200ರಲ್ಲಿ 16,000 ಕಳೆದು, ಉಳಿದ 51,200ಕ್ಕೆ ಮಾತ್ರ ತೆರಿಗೆ ಹಾಕಿದ್ದರು. ಹಳೆಯ ಬ್ಯಾಟರಿ ಎಂದರೆ ಅಂಗಡಿಯವರು ಕೊಡುವ ರಿಯಾಯಿತಿಯಲ್ಲ, ಬೆಲೆಯ ಒಂದು ಭಾಗವನ್ನು ನಾವು ವಸ್ತುವಿನ ರೂಪದಲ್ಲಿ ಕೊಟ್ಟಂತೆ. ಹೀಗಾಗಿ ಹೊಸದರ ಪೂರ್ಣ ಬೆಲೆಗೆ ತೆರಿಗೆ ಬೀಳುತ್ತದೆ. ಕೇಂದ್ರ ಜಿಎಸ್‌ಟಿ ನಿಯಮಗಳ 27ನೇ ನಿಯಮದಲ್ಲಿ ಹಳೆಯ ಫೋನ್ ಕೊಟ್ಟು ಹೊಸದನ್ನು ಪಡೆಯುವ ಉದಾಹರಣೆಯೇ ಇದೆ. ಪಟ್ಟಿಯಲ್ಲಿ 60,416 ಎಂದೇ ಬಿಟ್ಟಿದ್ದರೆ ಬಿಲ್ಲು ಬಂದ ದಿನ 2,880 ರೂಪಾಯಿ ಹೆಚ್ಚಾಗಿ, ಮಂಜೂರಾದ ಮೊತ್ತ ಮೀರಿ, ಮತ್ತೆ ಸಮಿತಿಯ ಬಾಗಿಲು ತಟ್ಟಬೇಕಿತ್ತು. ಅಂಗಡಿಯವರಿಂದ ಲಿಖಿತ ಸ್ಪಷ್ಟೀಕರಣ ಪಡೆದು ಕಡತಕ್ಕೆ ಸೇರಿಸಿದೆವು. ಅವರ ಮೂಲ ಕೊಟೇಶನ್ ಮೇಲೆ ಪೆನ್ನು ಆಡಿಸಲಿಲ್ಲ, ನೀವೂ ಆಡಿಸಬೇಡಿ. ತಿದ್ದಿದ ಲೆಕ್ಕ ಪಟ್ಟಿಯಲ್ಲಿರಲಿ, ಕಾರಣ ಅಡಿಟಿಪ್ಪಣಿಯಲ್ಲಿರಲಿ. ದರವನ್ನು ಬದಲಿಸಲು ಮಾತ್ರ ಯಾರಿಗೂ ಅವಕಾಶ ಕೊಡಬಾರದು.

ಹಳೆಯ ಬ್ಯಾಟರಿಯ ಸಾಲು ತೆಗೆದುಬಿಟ್ಟರೆ ಏನಾಗುತ್ತದೆ ನೋಡಿ: ಮಂಡಿಪೇಟೆ 79,296, ಚಿತ್ರದುರ್ಗ 79,370, ಹುಬ್ಬಳ್ಳಿ 76,936. ಕ್ರಮವೇ ತಲೆಕೆಳಗು! ನಮ್ಮ ಸಮಿತಿಯ ಸದಸ್ಯರೊಬ್ಬರು ಸರಿಯಾಗಿ ಇದನ್ನೇ ಹಿಡಿದರು: ‘ಹುಬ್ಬಳ್ಳಿಯವರಿಂದ ಹೊಸದನ್ನು ತರಿಸಿ, ಹಳೆಯದನ್ನು ನಾವೇ ಮಾರಿದರೆ?’ ನ್ಯಾಯವಾದ ಪ್ರಶ್ನೆ. ವ್ಯತ್ಯಾಸ 13,640 ರೂಪಾಯಿ. ಹದಿನಾರರಿಂದ ಭಾಗಿಸಿದರೆ ಒಂದಕ್ಕೆ 852 ರೂಪಾಯಿ 50 ಪೈಸೆ. ಹೊರಗೆ ಅದಕ್ಕಿಂತ ಹೆಚ್ಚು ಸಿಕ್ಕರೆ ಹುಬ್ಬಳ್ಳಿ ಅಗ್ಗ, ಕಡಿಮೆ ಸಿಕ್ಕರೆ ಮಂಡಿಪೇಟೆ ಅಗ್ಗ. ಆದರೆ ಬ್ಯಾಟರಿಯನ್ನು ಕಂಡ ಕಂಡ ಗುಜರಿಯವರಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ಸಂಗ್ರಹಣೆ ಅಥವಾ ಮರುಬಳಕೆಯ ವ್ಯವಸ್ಥೆಗೇ ಹೋಗಬೇಕು. ಮೇಲಾಗಿ, ಹಳೆಯದನ್ನು ಹಿಂಪಡೆದು ಅದರ ಬೆಲೆ ಕಳೆಯಬೇಕೆಂದು ನಾವು ದರಪಟ್ಟಿ ಕೇಳಿದ ಪತ್ರದಲ್ಲೇ ಬರೆದಿದ್ದೆವು. ಆದ್ದರಿಂದ ನಿವ್ವಳ ಮೊತ್ತವೇ ಅಳತೆಗೋಲಾಯಿತು. ನಿಮ್ಮ ಪತ್ರದಲ್ಲಿ ಆ ಮಾತು ಇಲ್ಲದಿದ್ದರೆ, ಕವರ್ ತೆರೆದ ಮೇಲೆ ಅದನ್ನು ಹೊಸದಾಗಿ ತರಬೇಡಿ, ಆಕ್ಷೇಪಣೆ ಖಂಡಿತ.

ವಾರಂಟಿಯಲ್ಲೂ ಇದೇ ನ್ಯಾಯ. ನಾವು ಕೇಳಿದ್ದು ಕನಿಷ್ಠ 24 ತಿಂಗಳು. ಚಿತ್ರದುರ್ಗದವರು 36 ಕೊಡುತ್ತೇವೆ ಎಂದಿದ್ದರು, ಆದರೆ ಕೊನೆಯ 12 ತಿಂಗಳು ಬ್ಯಾಟರಿ ಕೆಟ್ಟರೆ ಉಚಿತ ಬದಲಾವಣೆಯಿಲ್ಲ, ಹೊಸದರ ಬೆಲೆಯಲ್ಲಿ ಒಂದಷ್ಟು ಕಡಿತ ಮಾತ್ರ. ಅದಕ್ಕೆ 2,474 ರೂಪಾಯಿ ಹೆಚ್ಚು ಕೊಡಬಹುದೇ? ನನ್ನ ಮಟ್ಟಿಗೆ ಬೇಡ. ಆದರೂ ಆ ಸಂಗತಿಯನ್ನು ಟಿಪ್ಪಣಿಯಲ್ಲಿ ಮುಚ್ಚಿಡಲಿಲ್ಲ, ನಿರ್ಧಾರ ಸಮಿತಿಯದು. ನಾವು ಬರೆದ ಟಿಪ್ಪಣಿಯ ಮುಖ್ಯ ಭಾಗ ಹೀಗಿತ್ತು:

‘ಸ್ವೀಕೃತವಾದ ಮೂರು ದರಪಟ್ಟಿಗಳನ್ನು ಸದಸ್ಯರ ಸಮಕ್ಷಮದಲ್ಲಿ ತೆರೆದು ಪರಿಶೀಲಿಸಲಾಗಿದೆ. ಮೂವರೂ ಕೋರಿದ ಸಾಮರ್ಥ್ಯದ ಬ್ಯಾಟರಿಗಳಿಗೇ ದರ ನಮೂದಿಸಿದ್ದಾರೆ. ಮೂರನೆಯವರು ಹಳೆಯ ಬ್ಯಾಟರಿಗಳನ್ನು ಹಿಂಪಡೆಯಲು ಒಪ್ಪಿಲ್ಲ ಮತ್ತು ಶೇ. 50 ಮುಂಗಡ ಕೋರಿದ್ದಾರೆ. ಎರಡನೆಯವರ ವಾರಂಟಿ ಅವಧಿ ಹೆಚ್ಚಿದ್ದರೂ ಕೋರಿಕೆ ಪತ್ರದಲ್ಲಿ ಅದಕ್ಕೆ ಆದ್ಯತೆ ಸೂಚಿಸಿರುವುದಿಲ್ಲ. ಎಲ್ಲ ವೆಚ್ಚ ಸೇರಿ ಮೊದಲನೆಯವರ ನಿವ್ವಳ ದರ ರೂ. 63,296 ಕನಿಷ್ಠವಾಗಿರುವುದರಿಂದ ಅವರಿಂದ ಖರೀದಿಸಲು ಶಿಫಾರಸು ಮಾಡಲಾಗಿದೆ. ಸರಬರಾಜಾಗುವ ಬ್ಯಾಟರಿಗಳ ತಯಾರಿಕಾ ದಿನಾಂಕ ಮೂರು ತಿಂಗಳಿಗಿಂತ ಹಳೆಯದಾಗಿರಬಾರದು. ಜೋಡಣೆ ಮುಗಿದು ಪರೀಕ್ಷಿಸಿದ ನಂತರ ಪಾವತಿ. ಅನುಮೋದನೆಗಾಗಿ ಮಂಡಿಸಿದೆ.’

ತಯಾರಿಕಾ ದಿನಾಂಕದ ಷರತ್ತನ್ನು ಬಿಡಬೇಡಿ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಬಿದ್ದಿದ್ದ ಬ್ಯಾಟರಿ ಹೊಸ ಪೆಟ್ಟಿಗೆಯಲ್ಲಿ ಬಂದರೂ ಶಕ್ತಿ ಕಳೆದುಕೊಂಡಿರುತ್ತದೆ. ಸರಣಿಯಲ್ಲಿ ಅಂಥದ್ದೊಂದು ಸೇರಿದರೂ ಉಳಿದ ಹದಿನೈದು ಅದರ ಜೊತೆ ಸೊರಗುತ್ತವೆ.

ಸಮಿತಿಗೆ ಕಳುಹಿಸುವ ಮುನ್ನ ಮೂರು ಕೊಟೇಶನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಒಮ್ಮೆ ಕಣ್ಣಾಡಿಸಿ. ಬೇರೆ ಬೇರೆ ಲೆಟರ್‌ಹೆಡ್‌ಗಳಲ್ಲಿ ಒಂದೇ ಕಾಗುಣಿತದ ತಪ್ಪು, ಒಂದೇ ಮೊಬೈಲ್ ಸಂಖ್ಯೆ ಕಂಡರೆ ಮೂರೂ ಒಬ್ಬರದೇ ಕೈವಾಡ. ಆಗ ಪಟ್ಟಿ ಮಾಡುವ ಬದಲು ಮತ್ತೆ ಕೊಟೇಶನ್ ಕರೆಯುವಂತೆ ಬರೆಯಿರಿ. ನೀವು ಸರ್ಕಾರಿ ಶಾಲೆಯವರಾಗಿದ್ದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವನ್ನೂ ನೋಡಬೇಕಿತ್ತು. ಖಾಸಗಿ ಸಂಸ್ಥೆಗೆ ಆಡಳಿತ ಮಂಡಳಿಯ ಖರೀದಿ ನಿಯಮ ಏನಿದೆಯೋ ಅದು. ಕೊಟೇಶನ್‌ಗಳ ಮಾನ್ಯತೆ ಎಂದಿಗೆ ಮುಗಿಯುತ್ತದೆ ಎಂಬುದನ್ನು ಪಟ್ಟಿಯ ಕೊನೆಯ ಸಾಲಿನಲ್ಲಿ ಬರೆದು, ಸಭೆಯ ದಿನಾಂಕ ಅದಕ್ಕಿಂತ ಮುಂಚೆ ಬರುವಂತೆ ಇಂದೇ ಕಾರ್ಯದರ್ಶಿಗಳಿಗೆ ತಿಳಿಸಿ.