ಸೂರ್ಯನಮಸ್ಕಾರದಲ್ಲಿ ಯಾವ ಸ್ನಾಯು ಯಾವಾಗ ಕೆಲಸ ಮಾಡುತ್ತದೆ?

ಪ್ರಶ್ನೆ: ಯೋಗ ಟೀಚರ್ ಕೋರ್ಸ್ ಮಾಡ್ತಿದ್ದೀನಿ. ಸೂರ್ಯನಮಸ್ಕಾರದ ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ಕೈ, ಕಾಲು, ಬೆನ್ನು-ಹೊಟ್ಟೆಯ ಯಾವ ಸ್ನಾಯು ಏನು ಮಾಡುತ್ತೆ ಅಂತ ಬರೆಯಬೇಕು. ಮುಂದೆ ಬಗ್ಗುವಾಗ ಹೊಟ್ಟೆಯ ಸ್ನಾಯು ಕುಗ್ಗುತ್ತೆ ಅಂತ ನಮ್ಮ ನೋಟ್ಸ್‌ನಲ್ಲಿದೆ. ಆದ್ರೆ ನನಗೆ ಎಳೆತ ಅನ್ನಿಸೋದು ತೊಡೆಯ ಹಿಂದೆ. ಯಾವುದು ಸರಿ?

ಉತ್ತರ:

ನಿಮಗೆ ಅನ್ನಿಸಿದ್ದೇ ಸರಿ. ನಿಂತುಕೊಂಡು ಮುಂದೆ ಬಗ್ಗುವಾಗ ಹೊಟ್ಟೆಯ ಸ್ನಾಯುಗಳಿಗೆ ಹೆಚ್ಚು ಕೆಲಸವೇ ಇಲ್ಲ. ದೇಹದ ಮೇಲ್ಭಾಗವನ್ನು ಕೆಳಗೆ ಎಳೆಯುವುದು ಅದರದೇ ಭಾರ. ಅದು ದಪ್ಪನೆ ಬೀಳದ ಹಾಗೆ ನೋಡಿಕೊಳ್ಳುವುದು ಬೆನ್ನು, ಪೃಷ್ಠ ಮತ್ತು ತೊಡೆಯ ಹಿಂಭಾಗದ ಸ್ನಾಯುಗಳು. ಮಲಗಿಕೊಂಡು ಎದ್ದು ಕೂರುವುದಾದರೆ ನಿಮ್ಮ ನೋಟ್ಸ್ ಸರಿ. ಅಲ್ಲಿ ಭಾರದ ವಿರುದ್ಧ ಬಗ್ಗಬೇಕು, ಹಾಗಾಗಿ ಹೊಟ್ಟೆ ಕುಗ್ಗಲೇಬೇಕು. ಎರಡರಲ್ಲೂ ದೇಹ ಮಡಚುವುದು ಒಂದೇ ಕಡೆಗೆ, ಕೆಲಸ ಮಾಡುವ ಸ್ನಾಯು ಮಾತ್ರ ಬೇರೆ.

ನಾನು ಫಿಸಿಯೋಥೆರಪಿ ಮಾಡುವವನು. ಯೋಗ ಕಲಿಯುವವರಿಗೆ ಅಂಗರಚನೆ ಹೇಳಿಕೊಡುವಾಗ ಇದೇ ಗೊಂದಲವನ್ನು ಜಾಸ್ತಿ ನೋಡುತ್ತೇನೆ. ಕೀಲು ಯಾವ ಕಡೆ ಬಾಗುತ್ತಿದೆ ಅಂತಷ್ಟೇ ನೋಡಿ ಸ್ನಾಯುವಿನ ಹೆಸರು ಬರೆದುಬಿಡುತ್ತಾರೆ. ಮೊದಲು ಕೇಳಬೇಕಾದ್ದು, ಈ ಚಲನೆಯಲ್ಲಿ ಭಾರ ಎತ್ತ ಎಳೆಯುತ್ತಿದೆ ಅಂತ. ಚಲನೆ ಭಾರದ ವಿರುದ್ಧ ಇದ್ದರೆ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ, ಇದು ಕಾನ್ಸೆಂಟ್ರಿಕ್. ಚಲನೆ ಭಾರದ ಜೊತೆಗೇ ಇದ್ದರೆ ಎದುರು ಬದಿಯ ಸ್ನಾಯು ಉದ್ದವಾಗುತ್ತಾ ತಡೆಯುತ್ತದೆ, ಇದು ಎಕ್ಸೆಂಟ್ರಿಕ್. ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪ ಬಿಡುತ್ತೇವಲ್ಲ, ಹಾಗೆ. ಅಲುಗದೆ ಹಿಡಿದು ನಿಲ್ಲಿಸುವುದು ಐಸೋಮೆಟ್ರಿಕ್. ಈ ಮೂರು ಗೊತ್ತಿದ್ದರೆ ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ.

ಸೂರ್ಯನಮಸ್ಕಾರದಲ್ಲಿ ಹಲವು ಕ್ರಮಗಳಿವೆ. ನಮ್ಮ ಶಾಲೆಗಳಲ್ಲಿ 12 ಹಂತದ್ದು ಜಾಸ್ತಿ ಬಳಕೆಯಲ್ಲಿದೆ. ಇಲ್ಲಿ ಮೈಸೂರಿನಲ್ಲಿ ಪಟ್ಟಾಭಿ ಜೋಯಿಸರು ಕಲಿಸಿದ ಮೊದಲ ಕ್ರಮವನ್ನು ತೆಗೆದುಕೊಳ್ಳುತ್ತೇನೆ. ಅದರಲ್ಲಿ 9 ಎಣಿಕೆ, ಒಂದೊಂದು ಚಲನೆಗೂ ಒಂದು ಉಸಿರು. ಹಾಗಾಗಿ ಬಿಡಿಸಿ ನೋಡುವುದು ಸುಲಭ.

ಏಕಂ: ಕೈ ಮೇಲೆ

ಸಮಸ್ಥಿತಿಯಿಂದ ಕೈಗಳನ್ನು ಪಕ್ಕದಿಂದ ತಲೆಯ ಮೇಲಕ್ಕೆ ಎತ್ತುತ್ತೀರಿ. ಭಾರದ ವಿರುದ್ಧ, ಆದ್ದರಿಂದ ಕಾನ್ಸೆಂಟ್ರಿಕ್. ಶುರುವಿನಲ್ಲಿ ಸುಪ್ರಾಸ್ಪೈನೇಟಸ್ ಮತ್ತು ಡೆಲ್ಟಾಯ್ಡ್ ಜೊತೆಗೂಡುತ್ತವೆ. ಆದರೆ ಭುಜದ ಕೀಲೊಂದರಿಂದಲೇ ಕೈ ಪೂರ್ತಿ ಮೇಲೆ ಹೋಗಲಾರದು. ಒಟ್ಟು 180 ಡಿಗ್ರಿಯಲ್ಲಿ ಸುಮಾರು 120 ಡಿಗ್ರಿ ಭುಜದ ಕೀಲಿನದು. ಉಳಿದ 60 ಡಿಗ್ರಿ ಬರುವುದು ಬೆನ್ನ ಮೇಲಿನ ಚಪ್ಪಟೆ ಮೂಳೆ, ಅಂದರೆ ಸ್ಕ್ಯಾಪುಲಾ ತಿರುಗುವುದರಿಂದ. ಅದನ್ನು ತಿರುಗಿಸುವುದು ಟ್ರೆಪೀಜಿಯಸ್‌ನ ಮೇಲಿನ ಮತ್ತು ಕೆಳಗಿನ ಭಾಗ, ಜೊತೆಗೆ ಪಕ್ಕೆಲುಬಿಗೆ ಅಂಟಿಕೊಂಡಿರುವ ಸೆರೇಟಸ್ ಆಂಟೀರಿಯರ್. ಈ ಸೆರೇಟಸ್ ಹೆಸರು ನೆನಪಿಡಿ, ಮುಂದೆಯೂ ಬರುತ್ತದೆ.

"ಭುಜ ಕೆಳಗೆ ಎಳೀರಿ" ಅಂತ ಟೀಚರ್‌ಗಳು ಹೇಳುತ್ತಿರುತ್ತಾರೆ. ಕೈ ಮೇಲೆ ಹೋಗುತ್ತಿರುವಾಗ ಸ್ಕ್ಯಾಪುಲಾವನ್ನು ಬಲವಂತವಾಗಿ ಕೆಳಗೆ ಹಿಡಿದರೆ ಆ 60 ಡಿಗ್ರಿಗೆ ಅಡ್ಡಿ ಮಾಡಿದ ಹಾಗಾಗುತ್ತದೆ. ಕುತ್ತಿಗೆ ಬಿಗಿಯದಷ್ಟು ನೋಡಿಕೊಂಡರೆ ಸಾಕು.

ದ್ವೇ: ಮುಂದೆ ಬಗ್ಗುವುದು

ಇಲ್ಲಿ ಒಂದು ಪರೀಕ್ಷೆ ಮಾಡಿ. ಸೊಂಟದ ಮಟ್ಟದಲ್ಲಿ ಬೆನ್ನುಮೂಳೆಯ ಎರಡೂ ಪಕ್ಕ ಬೆರಳು ಒತ್ತಿ ಹಿಡಿದುಕೊಳ್ಳಿ. ನಿಧಾನವಾಗಿ ಸ್ವಲ್ಪ ಮುಂದೆ ಬಗ್ಗಿ. ಬೆರಳ ಕೆಳಗೆ ಸ್ನಾಯು ಗಟ್ಟಿಯಾಗಿ ಉಬ್ಬುತ್ತದೆ. ಅದೇ ಇರೆಕ್ಟರ್ ಸ್ಪೈನೆ, ಎಕ್ಸೆಂಟ್ರಿಕ್ ಆಗಿ ತಡೆಯುತ್ತಿದೆ. ಇನ್ನೂ ಬಗ್ಗುತ್ತಾ ಹೋಗಿ. ಪೂರ್ತಿ ಕೊನೆಗೆ ಬಂದು ಜೋತುಬಿದ್ದಾಗ ಅದೇ ಸ್ನಾಯು ಮೆತ್ತಗಾಗುತ್ತದೆ. ಬೆನ್ನುನೋವಿಲ್ಲದ ಹೆಚ್ಚಿನವರಲ್ಲಿ ಆ ಹಂತದಲ್ಲಿ ಅದು ಬಹುತೇಕ ಸುಮ್ಮನಾಗಿಬಿಡುತ್ತದೆ. ಬೆನ್ನಿನ ಮೇಲಿನ ಭಾರ ಬೀಳುವುದು ಹಿಂಭಾಗದ ಲಿಗಮೆಂಟ್‌ಗಳು ಮತ್ತು ಡಿಸ್ಕ್‌ಗಳ ಮೇಲೆ. ಅಂದರೆ ಆರಾಮ ಅನ್ನಿಸುವ ಜಾಗದಲ್ಲಿ ಸ್ನಾಯುವಿನ ಕಾವಲು ಇಲ್ಲ. ಬಹಳ ದಿನದ ಬೆನ್ನುನೋವಿದ್ದವರಲ್ಲಿ ಎಷ್ಟೋ ಸಲ ಈ ಸ್ನಾಯು ಕೊನೆಯವರೆಗೂ ಬಿಗಿಯಾಗಿಯೇ ಇರುತ್ತದೆ. "ಪೂರ್ತಿ ಸಡಿಲ ಬಿಡಿ" ಅಂತ ಅವರಿಗೆ ಹೇಳಿ ಪ್ರಯೋಜನವಿಲ್ಲ.

ಕಾಲಿನಲ್ಲಿ ಕೆಲಸ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಮತ್ತು ಪೃಷ್ಠದ ಗ್ಲೂಟಿಯಸ್ ಮ್ಯಾಕ್ಸಿಮಸ್‌ದು. ಎರಡೂ ಎಕ್ಸೆಂಟ್ರಿಕ್. ಹ್ಯಾಮ್‌ಸ್ಟ್ರಿಂಗ್ ಮೇಲೆ ಅಂಟಿಕೊಂಡಿರುವುದು ನಾವು ಕೂರುವಾಗ ನೆಲಕ್ಕೆ ಒತ್ತುವ ಮೂಳೆಗೆ. ಅದು ಬಿಗಿಯಾಗಿದ್ದರೆ ಆ ಮೂಳೆಯನ್ನು ಮೇಲೇಳದಂತೆ ಕೆಳಗೇ ಹಿಡಿದುಬಿಡುತ್ತದೆ. ಆಗ ಸೊಂಟದ ಗೂಡು ಮುಂದೆ ವಾಲಲಾರದು, ಕೈ ನೆಲ ಮುಟ್ಟಿಸುವ ಹಟಕ್ಕೆ ಸೊಂಟದ ಬೆನ್ನೊಂದೇ ಬಗ್ಗಬೇಕಾಗುತ್ತದೆ. ಪಕ್ಕದಿಂದ ನೋಡಿದರೆ ಬೆನ್ನು ಗೂನಾಗಿ, ಬಾಲಮೂಳೆ ಕೆಳಗೇ ನೋಡುತ್ತಿರುತ್ತದೆ. ಅಂಥವರಿಗೆ ಮೊಣಕಾಲು ಸ್ವಲ್ಪ ಮಡಚಲು ಹೇಳಿ, ತಕ್ಷಣ ಸೊಂಟ ವಾಲುತ್ತದೆ.

ಎಳೆತ ತೊಡೆಯ ಮಧ್ಯದಲ್ಲಿದ್ದರೆ ಪರವಾಗಿಲ್ಲ. ಪೃಷ್ಠದ ಬುಡದಲ್ಲಿ, ಆ ಮೂಳೆಯ ಹತ್ತಿರವೇ ಚುಚ್ಚಿದಂತೆ ನೋಯುತ್ತಿದ್ದರೆ, ಕುರ್ಚಿಯಲ್ಲಿ ಕೂತರೂ ಅದೇ ಜಾಗ ನೋಯುತ್ತಿದ್ದರೆ, ತೊಂದರೆ ಸ್ನಾಯುರಜ್ಜಿನಲ್ಲಿರುವ ಸಾಧ್ಯತೆ ಹೆಚ್ಚು. ಇನ್ನಷ್ಟು ಎಳೆದರೆ ಅದು ಹೆಚ್ಚಾಗುತ್ತದೆ.

ಹೊಟ್ಟೆಗೆ ಏನೂ ಕೆಲಸ ಇಲ್ವಾ ಅಂದರೆ, ಕೊನೆಯಲ್ಲಿ ಸ್ವಲ್ಪ ಇದೆ. ಭಾರ ಎಳೆಯುವಷ್ಟು ಎಳೆದಾದ ಮೇಲೂ ಎದೆಯನ್ನು ಇನ್ನೂ ಕಾಲಿಗೆ ತರಬೇಕಾದರೆ ಹೊಟ್ಟೆಯ ಸ್ನಾಯು ಮತ್ತು ತೊಡೆಯನ್ನು ಮಡಚುವ ಇಲಿಯೊಪ್ಸೋವಾಸ್ ಕುಗ್ಗಲೇಬೇಕು. ನೋಟ್ಸ್ ಬರೆದವರು ಈ ಕೊನೆಯ ನಾಲ್ಕು ಬೆರಳಿನಷ್ಟನ್ನೇ ಇಡೀ ಚಲನೆಗೆ ಹಚ್ಚಿರಬೇಕು.

ತ್ರೀಣಿ ಸರಳ. ತಲೆ, ಎದೆ ಎತ್ತುವಾಗ ಇರೆಕ್ಟರ್ ಸ್ಪೈನೆ ಮತ್ತೆ ಎಚ್ಚೆತ್ತು ಕುಗ್ಗುತ್ತದೆ, ಹ್ಯಾಮ್‌ಸ್ಟ್ರಿಂಗ್ ಹಿಡಿದು ನಿಲ್ಲುತ್ತದೆ.

ಚತ್ವಾರಿ: ಹಿಂದೆ ಹೋಗಿ ದೇಹ ಇಳಿಸುವುದು

ಇಡೀ ಕ್ರಮದಲ್ಲಿ ಕೈಗೆ ಅತಿ ಕಷ್ಟದ ಚಲನೆ ಇದು. ಇಲ್ಲೂ ಪರೀಕ್ಷೆಯಲ್ಲಿ ಅದೇ ತಪ್ಪು ಕಾಣುತ್ತದೆ. ಮೊಣಕೈ ಮಡಚುತ್ತಿದೆ, ಹಾಗಾದರೆ ಬೈಸೆಪ್ಸ್ ಅಂತ ಬರೆಯುತ್ತಾರೆ. ಮೊಣಕೈಯನ್ನು ಮಡಚುತ್ತಿರುವುದು ದೇಹದ ಭಾರ. ತಡೆಯುತ್ತಿರುವುದು ತೋಳಿನ ಹಿಂಭಾಗದ ಟ್ರೈಸೆಪ್ಸ್, ಎಕ್ಸೆಂಟ್ರಿಕ್ ಆಗಿ. ಭುಜದಲ್ಲಿ ಎದೆಯ ಪೆಕ್ಟೊರಾಲಿಸ್ ಮೇಜರ್ ಮತ್ತು ಡೆಲ್ಟಾಯ್ಡ್‌ನ ಮುಂಭಾಗ ಅದೇ ರೀತಿ ತಡೆಯುತ್ತವೆ. ಸೆರೇಟಸ್ ಆಂಟೀರಿಯರ್ ಸ್ಕ್ಯಾಪುಲಾವನ್ನು ಪಕ್ಕೆಲುಬಿಗೆ ಒತ್ತಿ ಹಿಡಿಯುತ್ತದೆ. ಅದು ಸೋತರೆ ಸ್ಕ್ಯಾಪುಲಾದ ಒಳ ಅಂಚು ಬೆನ್ನ ಮೇಲೆ ಎದ್ದು ಕಾಣುತ್ತದೆ. ಟೀ ಶರ್ಟ್ ಮೇಲಿನಿಂದಲೂ ಗೊತ್ತಾಗುತ್ತದೆ.

ನಡುವಿನ ಭಾಗಕ್ಕೆ ಇಲ್ಲಿ ನಿಜವಾದ ಹೊಟ್ಟೆಯ ಕೆಲಸ. ಬೋರಲಾಗಿ ಕೈ ಮತ್ತು ಕಾಲ್ಬೆರಳ ಮೇಲೆ ನಿಂತಾಗ ಭಾರ ಸೊಂಟವನ್ನು ನೆಲಕ್ಕೆ ಎಳೆಯುತ್ತದೆ. ಹಾಗೆ ಜೋಲದಂತೆ ಹೊಟ್ಟೆಯ ರೆಕ್ಟಸ್ ಅಬ್ಡಾಮಿನಿಸ್ ಮತ್ತು ಪಕ್ಕದ ಆಬ್ಲಿಕ್‌ಗಳು ಐಸೋಮೆಟ್ರಿಕ್ ಆಗಿ ಹಿಡಿಯುತ್ತವೆ. ಮೊಣಕಾಲು ಕುಸಿಯದಂತೆ ಹಿಡಿಯುವುದು ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್.

ಒಂದು ಉದಾಹರಣೆ ಹೇಳುತ್ತೇನೆ. ಒಬ್ಬರಿಗೆ ಭುಜದ ಮುಂಭಾಗದಲ್ಲಿ ನೋವು. ಕೈ ಎತ್ತಿದರೆ ಇಲ್ಲ, ಹೀಗೆ ದೇಹ ಇಳಿಸಿ ನಿಲ್ಲುವ ಚತುರಂಗ ದಂಡಾಸನದಲ್ಲಿ ಮಾತ್ರ. ಪಕ್ಕದಿಂದ ನೋಡಿದರೆ ಅವರ ಭುಜ ಮೊಣಕೈಗಿಂತ ಕೆಳಗೆ ಇಳಿಯುತ್ತಿತ್ತು. ಮೊಣಕೈ 90 ಡಿಗ್ರಿಗೆ ಬಂದು, ಭುಜ ಅದರ ಮಟ್ಟಕ್ಕೆ ಬಂದಾಗ ನಿಲ್ಲಬೇಕು. ಅದಕ್ಕಿಂತ ಕೆಳಗೆ ಹೋದರೆ ತೋಳಿನ ಮೂಳೆಯ ಗುಂಡು ಮುಂದಕ್ಕೆ ಜಾರಿ, ಅಲ್ಲೇ ಹಾದುಹೋಗುವ ಬೈಸೆಪ್ಸ್‌ನ ಉದ್ದನೆಯ ರಜ್ಜನ್ನೂ ಕೀಲಿನ ಮುಂಭಾಗವನ್ನೂ ಒತ್ತುತ್ತದೆ. ಅವರ ತೂಕ 60 ಕೆಜಿ. ಪುಷ್ ಅಪ್‌ನ ಕೆಳ ಹಂತದಲ್ಲಿ ದೇಹದ ಭಾರದ ಸುಮಾರು ಮುಕ್ಕಾಲು ಪಾಲು ಕೈಗಳ ಮೇಲಿರುತ್ತದೆ, ಅಂದರೆ ಸುಮಾರು 45 ಕೆಜಿ. ಮೊಣಕಾಲು ನೆಲಕ್ಕೆ ಊರಿದರೆ ಅದು 37 ಕೆಜಿ ಆಸುಪಾಸಿಗೆ ಇಳಿಯುತ್ತದೆ. ಹಾಗೆ ಮಾಡಿಸಿ, ಎದೆಯ ಕೆಳಗೆ ಒಂದರ ಮೇಲೊಂದು ದಪ್ಪ ಪುಸ್ತಕ ಇಟ್ಟು, ಅದು ತಾಗಿದ ಕಡೆ ನಿಲ್ಲಿ ಅಂದೆ. ಆ ಎತ್ತರದಲ್ಲಿ ನೋವಿರಲಿಲ್ಲ. ಹಾಗಾಗಿ ತೊಂದರೆ ಭಂಗಿಯಲ್ಲಲ್ಲ, ಕೊನೆಯ ಎರಡು ಅಂಗುಲದಲ್ಲಿ ಅಂತ ಖಚಿತವಾಯಿತು.

12 ಹಂತದ ಕ್ರಮದಲ್ಲಿ ಇಲ್ಲಿ ಅಷ್ಟಾಂಗ ನಮಸ್ಕಾರ ಬರುತ್ತದೆ. ಮೊಣಕಾಲು, ಎದೆ, ಗಲ್ಲ ನೆಲಕ್ಕೆ ತಾಗುವುದರಿಂದ ಟ್ರೈಸೆಪ್ಸ್‌ಗೆ ಹೊರೆ ಕಡಿಮೆ. ಹೊಸಬರಿಗೆ ಅದೇ ವಾಸಿ ಅಂತ ನನ್ನ ಅಭಿಪ್ರಾಯ.

ಪಂಚ ಮತ್ತು ಷಟ್

ಊರ್ಧ್ವಮುಖ ಶ್ವಾನಾಸನಕ್ಕೆ ಏರುವಾಗ ಟ್ರೈಸೆಪ್ಸ್ ಈಗ ಕುಗ್ಗುತ್ತಾ ಮೊಣಕೈಯನ್ನು ನೇರ ಮಾಡುತ್ತದೆ. ಬೆನ್ನಿನ ವಿಷಯ ಸ್ವಲ್ಪ ವಿಚಿತ್ರ. ಭುಜಂಗಾಸನದಲ್ಲಿ ಕೈಗೆ ಭಾರ ಕೊಡದಿದ್ದರೆ ಎದೆ ಎತ್ತುವುದು ಇರೆಕ್ಟರ್ ಸ್ಪೈನೆ. ಇಲ್ಲಿ ಕೈಯೇ ಎದೆಯನ್ನು ಎತ್ತಿ ಹಿಡಿದಿರುತ್ತದೆ, ಸೊಂಟ ತನ್ನ ಭಾರಕ್ಕೆ ಕೆಳಗೆ ಜೋಲುತ್ತದೆ. ಹಾಗಾಗಿ ಸೊಂಟದ ಬಾಗು ಪುಕ್ಕಟೆಯಾಗಿ ಬರುತ್ತದೆ. ಎದೆಯ ಮಟ್ಟದ ಬೆನ್ನನ್ನು ಬಾಗಿಸಲು ಮಾತ್ರ ಸ್ನಾಯು ದುಡಿಯಬೇಕು. ಹೊಟ್ಟೆಯ ಸ್ನಾಯು ಉದ್ದವಾಗುತ್ತಾ ಸೊಂಟ ಬೀಳುವುದನ್ನು ತಡೆಯುತ್ತದೆ. ಕ್ವಾಡ್ರಿಸೆಪ್ಸ್ ಬಿಗಿದು ಮೊಣಕಾಲು ನೆಲ ಬಿಟ್ಟಿರಬೇಕು. ಸೊಂಟದಲ್ಲಿ ಒಂದೇ ಬಿಂದುವಿನಲ್ಲಿ ಚುರುಕ್ ಅಂದರೆ ಈ ತಡೆ ಸಾಲುತ್ತಿಲ್ಲ ಅಂತ ತಿಳಿಯಬಹುದು.

ಅಲ್ಲಿಂದ ಅಧೋಮುಖಕ್ಕೆ ಹೋಗುವಾಗ ಭಾರದ ವಿರುದ್ಧ ಸೊಂಟವನ್ನು ಎತ್ತಬೇಕು. ಹೊಟ್ಟೆಯ ಸ್ನಾಯುಗಳು ಮತ್ತು ಇಲಿಯೊಪ್ಸೋವಾಸ್ ಕುಗ್ಗುತ್ತವೆ. ಭುಜದಲ್ಲಿ ಏಕಂನ ಗುಂಪೇ ಮತ್ತೆ ಕೆಲಸಕ್ಕೆ ಬರುತ್ತದೆ, ಡೆಲ್ಟಾಯ್ಡ್, ಟ್ರೆಪೀಜಿಯಸ್, ಸೆರೇಟಸ್. ವ್ಯತ್ಯಾಸ ಇಷ್ಟೇ. ಅಲ್ಲಿ ದೇಹ ನಿಂತಿತ್ತು, ಕೈ ಚಲಿಸಿತು. ಇಲ್ಲಿ ಕೈ ನೆಲಕ್ಕೆ ಊರಿದೆ, ದೇಹವೇ ಹಿಂದಕ್ಕೆ ಹೋಗುತ್ತದೆ. ಹ್ಯಾಮ್‌ಸ್ಟ್ರಿಂಗ್ ಮತ್ತು ಮೀನಖಂಡ ಎಳೆಯಲ್ಪಡುತ್ತವೆ. ಬೆನ್ನು ಗೂನಾದರೆ ಮೊಣಕಾಲು ಮಡಚಿಸಿ ನೋಡಿ. ಬೆನ್ನು ನೇರವಾದರೆ ಅಡ್ಡಿ ಹ್ಯಾಮ್‌ಸ್ಟ್ರಿಂಗ್‌ನದು, ಆಗಲೂ ಗೂನೇ ಇದ್ದರೆ ಭುಜವನ್ನು ನೋಡಬೇಕು.

ಸಪ್ತ, ಅಷ್ಟೌ, ನವ

ಸಪ್ತದಲ್ಲಿ ಹಾರಿ ಅಥವಾ ಹೆಜ್ಜೆ ಇಟ್ಟು ಮುಂದೆ ಬರುವಾಗ ಇಲಿಯೊಪ್ಸೋವಾಸ್ ಮತ್ತು ಹೊಟ್ಟೆ ಕಾಲನ್ನು ಎದೆಯ ಕಡೆಗೆ ಸೆಳೆಯುತ್ತವೆ, ಸೆರೇಟಸ್ ಮತ್ತು ಟ್ರೈಸೆಪ್ಸ್ ಭಾರ ಹೊರುತ್ತವೆ. ಕಾಲು ಧೊಪ್ ಅಂತ ಬಿದ್ದರೆ ಇವೆರಡರಲ್ಲಿ ಒಂದು ಬೇಗ ಕೈಬಿಟ್ಟಿದೆ. ಅಷ್ಟೌ ಮತ್ತೆ ದ್ವೇಯ ಹಾಗೆಯೇ.

ನವದಲ್ಲಿ ಮೇಲೇಳುವಾಗ ದ್ವೇಯಲ್ಲಿ ತಡೆದ ಸ್ನಾಯುಗಳೇ ಎತ್ತುತ್ತವೆ, ಈಗ ಕಾನ್ಸೆಂಟ್ರಿಕ್. ಮೊದಲು ಗ್ಲೂಟಿಯಸ್ ಮತ್ತು ಹ್ಯಾಮ್‌ಸ್ಟ್ರಿಂಗ್ ಸೊಂಟವನ್ನು ತಿರುಗಿಸಬೇಕು, ಬೆನ್ನು ಹಿಂಬಾಲಿಸಬೇಕು. ಸುಮ್ಮನಾಗಿದ್ದ ಬೆನ್ನನ್ನೇ ಮೊದಲು ಸೆಟೆಸಿದರೆ ಹೊರೆಯೆಲ್ಲ ಅದರ ಮೇಲೇ. ಬೆನ್ನುನೋವಿನವರಿಗೆ ಮೊಣಕಾಲು ಮಡಚಿ ಏಳಲು ಹೇಳಿ.

ಕೊನೆಗೆ ಕೈ ಕೆಳಗಿಳಿಸಿ ಸಮಸ್ಥಿತಿಗೆ ಬರುವುದನ್ನೂ ಉತ್ತರದಲ್ಲಿ ಬರೆಯಿರಿ, ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬರೆದವರಲ್ಲೂ ಕೆಲವರು ಬೆನ್ನಿನ ಅಗಲ ಸ್ನಾಯು ಲ್ಯಾಟಿಸ್ಸಿಮಸ್ ಡಾರ್ಸೈ ಕುಗ್ಗುತ್ತದೆ ಅನ್ನುತ್ತಾರೆ. ನೀರಿನೊಳಗೆ ಈಜುವಾಗ ಅದು ಸರಿ. ಗಾಳಿಯಲ್ಲಿ ನಿಧಾನವಾಗಿ ಇಳಿಸುವಾಗ ಕೈಯನ್ನು ಇಳಿಸುವುದು ಅದರದೇ ಭಾರ, ತಡೆದು ಬಿಡುತ್ತಿರುವುದು ಎತ್ತಿದ ಅದೇ ಡೆಲ್ಟಾಯ್ಡ್.