ನೋಟಿಸ್ ಪೀರಿಯಡ್‌ನಲ್ಲಿ ಉಳಿದಿರೋ ರಜೆ ಬಗ್ಗೆ ಎಚ್‌ಆರ್‌ಗೆ ಏನಂತ ಕೇಳ್ಬೇಕು?

"ರಿಸೈನ್ ಮಾಡಿದೀನಿ, 60 ದಿನ ನೋಟಿಸ್. ಪೋರ್ಟಲ್‌ನಲ್ಲಿ 27 ಇಎಲ್ ತೋರಿಸ್ತಿದೆ. ಅಡ್ಜಸ್ಟ್ ಮಾಡಿಸ್ಕೊಳ್ಳೋದಾ, ದುಡ್ಡು ತಗೊಳ್ಳೋದಾ? ಹೇಗೆ ಕೇಳ್ಲಿ?"

ಮೊದಲು ಆ 27ನ ಪೂರ್ತಿ ನಂಬ್ಬೇಡಿ. ತುಂಬಾ ಕಂಪನಿಗಳು ವರ್ಷದ ಇಎಲ್‌ನ ಜನವರಿಯಲ್ಲೇ ಒಟ್ಟಿಗೆ ಹಾಕ್ಬಿಡ್ತಾರೆ, ಬಿಟ್ಟು ಹೋಗುವಾಗ ಕೆಲಸ ಮಾಡಿದ ತಿಂಗಳಿಗೆ ಮಾತ್ರ ಲೆಕ್ಕ ಹಿಡಿದು ಮಿಕ್ಕಿದ್ದನ್ನ ಕಟ್ ಮಾಡ್ತಾರೆ. ನಿಮ್ಮ 27ರಲ್ಲಿ 9 ಹಳೇ ವರ್ಷದ್ದು, 18 ಈ ವರ್ಷದ್ದು ಅಂತಿಟ್ಕೊಳ್ಳಿ. ಏಪ್ರಿಲ್ ಕೊನೆಗೆ ಹೋಗ್ತೀರ ಅಂದ್ರೆ ನಾಲ್ಕು ತಿಂಗಳಿಗೆ ಬರೋದು 6, ಹಳೇದು ಸೇರಿ 15 ಅಷ್ಟೇ. ಸಿಎಲ್, ಎಸ್‌ಎಲ್ ಸಾಮಾನ್ಯವಾಗಿ ದುಡ್ಡಾಗಲ್ಲ, ಹಾಗೇ ಹೋಗತ್ತೆ.

ಇನ್ನು ಅಡ್ಜಸ್ಟ್ ಅನ್ನೋದ್ರಲ್ಲೇ ಎರಡು ಥರ ಇದೆ, ಜನ ಎಡವೋದು ಇಲ್ಲೇ. ಒಂದು, ಕೊನೇ ದಿನಾಂಕ ಅದೇ ಇರತ್ತೆ, ಕೊನೇ 15 ದಿನ ನೀವು ರಜೆ ಮೇಲೆ ಇರ್ತೀರ, ಸಂಬಳ ಪೂರ್ತಿ ಬರತ್ತೆ, ಆದ್ರೆ ಇನ್ನೂ ಇವರ ಲೆಕ್ಕದಲ್ಲೇ ಇರೋದ್ರಿಂದ ಹೊಸ ಕಡೆ ಸೇರೋ ಹಾಗಿಲ್ಲ. ಇನ್ನೊಂದು, ಕೊನೇ ದಿನಾಂಕನೇ 15 ದಿನ ಹಿಂದಕ್ಕೆ ಬರತ್ತೆ, ಬೇಗ ರಿಲೀವ್ ಆಗ್ತೀರ, ಆ ಕಡಿಮೆ ಬಿದ್ದ ದಿನಗಳಿಗೆ ರಜೆ ಮುರ್ಕೊಳ್ತಾರೆ. ಇಲ್ಲಿ ಕೇಳ್ಲೇಬೇಕಾದ್ದು ಏನಂದ್ರೆ, ದಿನಕ್ಕೆ ದಿನ ಮುರ್ಕೊಳ್ತೀರಾ ಇಲ್ಲ ದುಡ್ಡಿನ ಲೆಕ್ಕದಲ್ಲಾ ಅಂತ. ಯಾಕಂದ್ರೆ ಕೆಲವು ಕಡೆ ನೋಟಿಸ್ ಕಮ್ಮಿ ಆದ್ರೆ ಗ್ರಾಸ್ ಸಂಬಳದ ಮೇಲೆ ಹಿಡೀತಾರೆ, ರಜೆಗೆ ಮಾತ್ರ ಬೇಸಿಕ್ ಮೇಲೆ ಕೊಡ್ತಾರೆ. ಬೇಸಿಕ್ ಅನ್ನೋದು ಗ್ರಾಸ್‌ನಲ್ಲಿ ಅರ್ಧ ಇದ್ರೆ 15 ದಿನದ ರಜೆಗೆ ಸಿಗೋದು ಏಳೂವರೆ ದಿನದ ಸಂಬಳ, ಹಿಡಿಯೋದು 15 ದಿನದ್ದು, ಮಿಕ್ಕ ಏಳೂವರೆ ದಿನದ್ದು ನಿಮ್ಮ ಕೈಯಿಂದ ಹೋಯ್ತು.

ಹೊಸ ಕಡೆ ಜಾಯ್ನಿಂಗ್ ದಿನ ಆಗ್ಲೇ ಫಿಕ್ಸ್ ಆಗಿದ್ರೆ ನಾನಾದ್ರೆ ನೋಟಿಸ್ ಪೂರ್ತಿ ಮಾಡಿ ದುಡ್ಡೇ ತಗೊಳ್ತೀನಿ, ಬೇಸಿಕ್ ಮೇಲಾದ್ರೂ ಅದು ಸಂಬಳದ ಮೇಲೆ ಎಕ್ಸ್‌ಟ್ರಾ ತಾನೇ. ಅವರು ಬೇಗ ಬನ್ನಿ ಅಂತಿದ್ರೆ ಮಾತ್ರ ಎರಡನೇ ಥರದ ಅಡ್ಜಸ್ಟ್, ಅದೂ ದಿನಕ್ಕೆ ದಿನ ಅಂತ ಒಪ್ಪಿದ್ರೆ.

ಮ್ಯಾನೇಜರ್ ಹತ್ರ ಬಾಯಲ್ಲಿ ಮಾತಾಡಿ ಪರ್ವಾಗಿಲ್ಲ (ಹ್ಯಾಂಡೋವರ್ ಯಾವಾಗ ಮುಗಿಯತ್ತೆ ಅಂತ ಹೇಳಿದ್ರೆ ಬೇಗ ಒಪ್ತಾರೆ), ಆದ್ರೆ ಎಚ್‌ಆರ್‌ಗೆ ಮೇಲ್ ಹಾಕಿ, ಅವರನ್ನ ಸಿಸಿಯಲ್ಲಿಟ್ಟು. ಹೀಗೆ ಬರೀಬಹುದು: "ನನ್ನ ಕೊನೇ ದಿನಕ್ಕೆ ಲೆಕ್ಕ ಹಾಕಿದ್ರೆ ಇಎಲ್ ಎಷ್ಟು ಉಳಿಯತ್ತೆ ತಿಳಿಸಿ. ಅದನ್ನ ನೋಟಿಸ್‌ಗೆ ದಿನಕ್ಕೆ ದಿನ ಅಡ್ಜಸ್ಟ್ ಮಾಡಕ್ಕಾಗತ್ತಾ? ಆಗಲ್ಲ ಅಂದ್ರೆ ಫುಲ್ ಆ್ಯಂಡ್ ಫೈನಲ್‌ನಲ್ಲಿ ಎಷ್ಟು ದಿನಕ್ಕೆ, ಯಾವ ಲೆಕ್ಕದಲ್ಲಿ ಕೊಡ್ತೀರ?" ಕೊನೇ ದಿನಾಂಕ ಕನ್ಫರ್ಮ್ ಆಗೋಕೆ ಮುಂಚೆ ಕಳಿಸಿ, ಆಮೇಲೆ ಬದಲಾಯ್ಸಿ ಅಂದ್ರೆ ಮತ್ತೆ ಅಪ್ರೂವಲ್ ಅಂತ ಎಳೀತಾರೆ. ಪೋರ್ಟಲ್ ಬ್ಯಾಲೆನ್ಸ್‌ದು ಸ್ಕ್ರೀನ್‌ಶಾಟ್ ಈಗಲೇ ತೆಗೆದು ಪರ್ಸನಲ್ ಮೇಲ್‌ಗೆ ಹಾಕ್ಕೊಳ್ಳಿ, ಕೊನೇ ದಿನ ಸಂಜೆಗೆ ಲಾಗಿನ್ ಹೋಗಿರತ್ತೆ.

ಹಾಂ, ನೋಟಿಸ್‌ನಲ್ಲಿ ರಜೆ ಹಾಕಿದ್ರೆ ಅಷ್ಟು ದಿನ ನೋಟಿಸ್ ಮುಂದಕ್ಕೆ ತಳ್ಳೋ ಪಾಲಿಸಿನೂ ಕೆಲವು ಕಡೆ ಇದೆ, ಸುಮ್ನೆ ಅಪ್ಲೈ ಮಾಡೋಕೆ ಮುಂಚೆ ಅಪಾಯಿಂಟ್‌ಮೆಂಟ್ ಲೆಟರ್ ಒಂದ್ಸಲ ನೋಡ್ಕೊಳ್ಳಿ.