ಮಗುವಿನ ಕೆನ್ನೆಗೆ ಯಾವ ಸ್ಟೀರಾಯ್ಡ್, ಎಷ್ಟು ದಿನ?

ಪ್ರಶ್ನೆ: ನನ್ನ ಮಗಳಿಗೆ ಮೂರು ವರ್ಷ. ಎರಡೂ ಕೆನ್ನೆ ಕೆಂಪಾಗಿ, ಒಣಗಿ, ತುರಿಕೆ ಬರ್ತಿತ್ತು. ಮೆಡಿಕಲ್ ಶಾಪಿನವರು ಒಂದು ಕ್ರೀಮ್ ಕೊಟ್ಟರು, ಎರಡೇ ದಿನಕ್ಕೆ ಮಾಯ. ಬಿಟ್ಟ ತಕ್ಷಣ ಮತ್ತೆ ಬಂತು. ಹೀಗೇ ದಿನಕ್ಕೆರಡು ಸಲ ಹಚ್ಚುತ್ತಾ ಎರಡು ತಿಂಗಳಾಯ್ತು, ಈಗ 15 ಗ್ರಾಂನ ಮೂರನೇ ಟ್ಯೂಬ್. ಬಾಯಿಯ ಸುತ್ತ ಸಣ್ಣ ಕೆಂಪು ಗುಳ್ಳೆ ಎದ್ದಿವೆ, ಕೆನ್ನೆಯಲ್ಲಿ ಬಿಳಿಚಿದ ಮಚ್ಚೆ ಕಾಣ್ತಿದೆ. ಟ್ಯೂಬ್ ಮೇಲೆ ಕ್ಲೋಬೆಟಸಾಲ್ 0.05%, ನಿಯೋಮೈಸಿನ್, ಮೈಕೊನಜೋಲ್ ಅಂತಿದೆ. ಬರೀ 0.05% ಅಂದ್ರೆ ತುಂಬಾ ಕಡಿಮೆ ಅಲ್ವಾ ಡಾಕ್ಟರೇ? ನಿಲ್ಲಿಸಿಬಿಡಲೇ? ಆ ಮಚ್ಚೆ ತೊನ್ನೇ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಆ 0.05%. ಎಲ್ಲರೂ ಎಡವುವ ಜಾಗ ಇದೇ. ಒಂದೇ ಔಷಧದ ಎರಡು ಟ್ಯೂಬ್ ಇದ್ದರೆ ಮಾತ್ರ ಪರ್ಸೆಂಟ್ ಹೋಲಿಸಬಹುದು. ಬೇರೆ ಬೇರೆ ಸ್ಟೀರಾಯ್ಡ್‌ಗಳ ನಡುವೆ ಆ ಅಂಕಿಗೆ ಅರ್ಥವೇ ಇಲ್ಲ. ಮಕ್ಕಳ ಮುಖಕ್ಕೆ ನಾವು ಸಾಮಾನ್ಯವಾಗಿ ಬರೆಯುವುದು ಹೈಡ್ರೊಕಾರ್ಟಿಸೋನ್ 1%. ಅದು ಸ್ಟೀರಾಯ್ಡ್ ಕ್ರೀಮ್‌ಗಳಲ್ಲೇ ಅತಿ ಸೌಮ್ಯ. ನಿಮ್ಮ ಟ್ಯೂಬಿನ ಕ್ಲೋಬೆಟಸಾಲ್ 0.05% ಅತಿ ಪ್ರಬಲ ಗುಂಪಿನದು, ಹೈಡ್ರೊಕಾರ್ಟಿಸೋನ್‌ಗಿಂತ ಸುಮಾರು 600 ಪಟ್ಟು ಪ್ರಬಲ ಅಂತ ಲೆಕ್ಕ. ಇವೆರಡರ ನಡುವೆ ಉಳಿದವು ಬರುತ್ತವೆ: ಡೆಸೊನೈಡ್ ಸೌಮ್ಯ, ಕ್ಲೋಬೆಟಸೋನ್ ಮಧ್ಯಮ, ಮೊಮೆಟಸೋನ್ ಮತ್ತು ಬೀಟಾಮೆಥಸೋನ್ ಪ್ರಬಲ. ಕ್ಲೋಬೆಟಸೋನ್, ಕ್ಲೋಬೆಟಸಾಲ್ ಎರಡೂ ಕಿವಿಗೆ ಒಂದೇ ಥರ ಕೇಳುತ್ತವೆ, ಆದರೆ ಶಕ್ತಿಯಲ್ಲಿ ಅಜಗಜಾಂತರ. ಹಾಗಾಗಿ ಟ್ಯೂಬ್ ಮೇಲಿನ ಹೆಸರನ್ನು ಕೊನೆಯ ಅಕ್ಷರದವರೆಗೂ ಓದಿ.

ಕ್ಲೋಬೆಟಸಾಲ್ ಕೆಟ್ಟ ಔಷಧವಲ್ಲ. ಅಂಗಾಲು ದಪ್ಪಗಟ್ಟಿ ಬಿರಿದ ಇಸುಬಿಗೆ ನಾನೇ ಬರೆಯುತ್ತೇನೆ. ಅದೇ ಟ್ಯೂಬ್ ಕೆನ್ನೆಗೆ ಯಾಕೆ ಬೇಡ ಅನ್ನೋದಕ್ಕೆ ಹಳೆಯದೊಂದು ಪ್ರಯೋಗ ಚೆನ್ನಾಗಿ ಉತ್ತರ ಕೊಡುತ್ತದೆ. 1967ರಲ್ಲಿ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ವೈದ್ಯರು ಗಂಡಸರ ದೇಹದ ಬೇರೆ ಬೇರೆ ಭಾಗಗಳಿಗೆ ವಿಕಿರಣದ ಗುರುತು ಹಾಕಿದ ಹೈಡ್ರೊಕಾರ್ಟಿಸೋನ್ ಹಚ್ಚಿದರು. ಆಮೇಲೆ ಮೂತ್ರದಲ್ಲಿ ಅದು ಎಷ್ಟು ಬಂತು ಅಂತ ಅಳೆದರು. ಮುಂಗೈಯ ಒಳಭಾಗ ಹೀರಿದ್ದನ್ನು 1 ಅಂತ ಇಟ್ಟುಕೊಂಡರೆ, ಅಂಗಾಲು ಹೀರಿದ್ದು ಅದರ ಏಳನೇ ಒಂದು ಭಾಗ. ನೆತ್ತಿ ಮೂರೂವರೆ ಪಟ್ಟು, ಹಣೆ 6 ಪಟ್ಟು, ದವಡೆಯ ಹತ್ತಿರದ ಚರ್ಮ 13 ಪಟ್ಟು, ವೃಷಣದ ಚರ್ಮ 42 ಪಟ್ಟು. ಅಂದರೆ ಒಂದೇ ಔಷಧವನ್ನು ಒಂದೇ ಅಳತೆಯಲ್ಲಿ ಹಚ್ಚಿದರೂ, ಅಂಗಾಲಿಗಿಂತ ದವಡೆಯ ಬಳಿ ತೊಂಬತ್ತು ಪಟ್ಟಿನಷ್ಟು ಜಾಸ್ತಿ ಒಳಗೆ ಹೋಗುತ್ತದೆ. ಇದು ದೊಡ್ಡವರ ಆರೋಗ್ಯವಂತ ಚರ್ಮದ ಲೆಕ್ಕ. ಇಸುಬಿನಿಂದ ಬಿರಿದ ಚರ್ಮ ಇನ್ನೂ ಸಲೀಸಾಗಿ ಹೀರುತ್ತದೆ. ಮಕ್ಕಳಲ್ಲಿ ಮೈತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರವೂ ಜಾಸ್ತಿ, ಆದ್ದರಿಂದ ರಕ್ತಕ್ಕೆ ಸೇರುವ ಪಾಲೂ ಜಾಸ್ತಿ.

ಆದ್ದರಿಂದಲೇ ನಾವು ಕಾಯಿಲೆಯ ಜೊತೆಗೆ ಜಾಗವನ್ನೂ ನೋಡಿ ಶಕ್ತಿ ಆರಿಸುತ್ತೇವೆ. ಅಂಗೈ, ಅಂಗಾಲಿಗೆ ಪ್ರಬಲವಾದದ್ದು ಬೇಕಾಗುತ್ತದೆ, ಸೌಮ್ಯವಾದದ್ದು ಅಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಕೈಕಾಲು, ಬೆನ್ನಿಗೆ ಮಧ್ಯಮದಿಂದ ಪ್ರಬಲ. ಮುಖ, ಕಣ್ಣಿನ ರೆಪ್ಪೆ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಸೌಮ್ಯ ಮಾತ್ರ. ಡೈಪರ್ ಕಟ್ಟುವ ಜಾಗದ ಬಗ್ಗೆ ಇನ್ನೂ ಹುಷಾರಾಗಿರಬೇಕು. ಡೈಪರ್ ಮುಚ್ಚಿಟ್ಟ ಔಷಧ ಒಳಗೇ ಇಳಿಯುತ್ತಾ ಹೋಗುತ್ತದೆ. ಅಮೆರಿಕದಲ್ಲಿ ಕ್ಲೋಬೆಟಸಾಲ್ ಕ್ರೀಮಿನ ಲೇಬಲ್‌ನಲ್ಲೇ ಮುಖಕ್ಕೆ ಬೇಡ, ಸತತ ಎರಡು ವಾರ ಮೀರಬೇಡಿ, 12 ವರ್ಷದೊಳಗಿನವರಿಗೆ ಸಲಹೆ ಇಲ್ಲ ಅಂತ ಬರೆದಿರುತ್ತದೆ. ನಿಮ್ಮ ಮಗಳ ವಿಷಯದಲ್ಲಿ ಈ ಮೂರೂ ಮೀರಿಹೋಗಿವೆ. ತಪ್ಪು ನಿಮ್ಮದಲ್ಲ. ಈ ಸ್ಟೀರಾಯ್ಡ್‌ಗಳನ್ನು ಚೀಟಿಯಿಲ್ಲದೆ ಮಾರಬಾರದು ಅಂತ ನಮ್ಮಲ್ಲಿ 2018ರಲ್ಲೇ ನಿಯಮ ಬಿಗಿಯಾಗಿದೆ. ಆದರೂ ಮೂರು ಔಷಧ ಬೆರೆಸಿದ ಇಂಥ ಟ್ಯೂಬ್ ಕೌಂಟರಿನ ಮೇಲೆ ಸುಮ್ನೆ ಸಿಗುತ್ತದೆ. ಇಸುಬೋ, ಹುಳುಕಡ್ಡಿಯೋ, ಕೀವೋ ಗೊತ್ತಾಗದಿದ್ದಾಗ ಎಲ್ಲಕ್ಕೂ ಒಂದೊಂದು ಕಲ್ಲು ಎಸೆಯುವ ಟ್ಯೂಬ್ ಇದು. ನಿಮ್ಮ ಮಗಳಿಗೆ ಅದರಲ್ಲಿನ ಕೀವಿನ ಔಷಧ ನಿಯೋಮೈಸಿನ್ ಆಗಲಿ, ಹುಳುಕಡ್ಡಿಯ ಔಷಧ ಮೈಕೊನಜೋಲ್ ಆಗಲಿ ಬೇಕಿತ್ತು ಅನ್ನಿಸುವುದಿಲ್ಲ. ನಿಯೋಮೈಸಿನ್ ಕೆಲವರಿಗೆ ತಾನೇ ಅಲರ್ಜಿ ಮಾಡುತ್ತದೆ.

ಇನ್ನು ಚರ್ಮ ತೆಳುವಾಗುವ ವಿಷಯ. ಸ್ಟೀರಾಯ್ಡ್ ಚರ್ಮದ ಮೇಲ್ಪದರದ ಕೋಶಗಳು ಬೆಳೆಯುವುದನ್ನು ನಿಧಾನ ಮಾಡುತ್ತದೆ. ಕೆಳಗಿನ ಪದರದಲ್ಲಿ ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜೆನ್ ತಯಾರಿಯನ್ನೂ ತಗ್ಗಿಸುತ್ತದೆ. ಮೊದಮೊದಲು ಆಗುವ ತೆಳುವು ಔಷಧ ಬಿಟ್ಟರೆ ವಾಪಸ್ ಸರಿಹೋಗುತ್ತದೆ. ತಿಂಗಳುಗಟ್ಟಲೆ ಹಚ್ಚಿದ ಮೇಲೆ ಎಲ್ಲವೂ ಹಾಗೆ ಮರಳುವುದಿಲ್ಲ. ಹಗಲು ಬೆಳಕಿನಲ್ಲಿ, ಕಿಟಕಿ ಪಕ್ಕ ಮಗುವನ್ನು ಕೂರಿಸಿಕೊಂಡು ಕೆನ್ನೆಯನ್ನು ಓರೆಯಾಗಿ ನೋಡಿ. ಚರ್ಮ ಎಣ್ಣೆ ಹಚ್ಚದೆಯೂ ಹೊಳೆಯುತ್ತಿದೆಯಾ? ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ಹತ್ತಿರ ತಂದರೆ ತೆಳು ಕಾಗದದ ಹಾಗೆ ಸಣ್ಣ ಸಣ್ಣ ಸುಕ್ಕು ಏಳುತ್ತದೆಯಾ? ಕೂದಲೆಳೆಯಂಥ ಕೆಂಪು ನರಗಳು ಕಾಣುತ್ತಿವೆಯಾ? ಕೆನ್ನೆಯ ಮೇಲೆ ಮೊದಲಿಲ್ಲದ ನವಿರು ಕೂದಲು ಬಂದಿದೆಯಾ? ಇದರಲ್ಲಿ ಯಾವುದಿದ್ದರೂ ಡಾಕ್ಟರಿಗೆ ತೋರಿಸಿ. ಹೊಳಪು, ಸುಕ್ಕು ತಿಂಗಳುಗಳಲ್ಲಿ ಬಹುಪಾಲು ಇಳಿಯುತ್ತವೆ. ಕೆಂಪು ನರಗಳು ಕೆಲವೊಮ್ಮೆ ಉಳಿದುಬಿಡುತ್ತವೆ. ತೊಡೆಸಂದಿ, ಕಂಕುಳಲ್ಲಿ ಹಚ್ಚಿದವರಿಗೆ ಬಸುರಿಯರ ಹೊಟ್ಟೆಯ ಮೇಲೆ ಬೀಳುವಂಥ ಗೆರೆ ಬೀಳುತ್ತದೆ. ಅದು ಬಣ್ಣ ಕಳೆದುಕೊಂಡರೂ ಪೂರ್ತಿ ಹೋಗುವುದಿಲ್ಲ.

ಬಾಯಿಯ ಸುತ್ತಲಿನ ಗುಳ್ಳೆಗಳನ್ನು ಇನ್ನೊಮ್ಮೆ ಗಮನಿಸಿ. ತುಟಿಯ ಅಂಚಿಗೆ ಹೊಂದಿಕೊಂಡ ಒಂದು ಸಣ್ಣ ಪಟ್ಟಿ ಮಾತ್ರ ಚೊಕ್ಕವಾಗಿದ್ದು, ಅದರಾಚೆಗೆ ಗುಳ್ಳೆ ಇದ್ದರೆ ಅದು ಬಹುಮಟ್ಟಿಗೆ ಸ್ಟೀರಾಯ್ಡ್‌ನಿಂದಲೇ ಬಂದದ್ದು. ಮೂಗಿನ ಪಕ್ಕ, ಕಣ್ಣಿನ ಸುತ್ತಲೂ ಬರಬಹುದು. ಇದರ ಮೋಸ ಏನೆಂದರೆ, ಅದೇ ಕ್ರೀಮ್ ಹಚ್ಚಿದರೆ ಗುಳ್ಳೆ ತಗ್ಗುತ್ತದೆ, ಬಿಟ್ಟರೆ ಇಮ್ಮಡಿಯಾಗಿ ಏಳುತ್ತದೆ. ಮನೆಯವರಿಗೆ ಕ್ರೀಮೇ ಕಾಪಾಡುತ್ತಿದೆ ಅನ್ನಿಸಿ ಟ್ಯೂಬ್ ಮೇಲೆ ಟ್ಯೂಬ್ ಬರುತ್ತದೆ.

ಹೌದು, ಕ್ಲೋಬೆಟಸಾಲ್ ನಿಲ್ಲಬೇಕು. ಈ ವಾರದೊಳಗೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ಟ್ಯೂಬನ್ನೂ ಜೊತೆಗೆ ಒಯ್ಯಿರಿ. ಸಾಮಾನ್ಯವಾಗಿ ಎರಡು ದಾರಿಗಳಿವೆ. ಇಸುಬೇ ಜಾಸ್ತಿ ಇದ್ದರೆ ಹೈಡ್ರೊಕಾರ್ಟಿಸೋನ್ 1% ಅನ್ನು ದಿನಕ್ಕೆ ಒಂದೋ ಎರಡೋ ಸಲ, ಐದರಿಂದ ಏಳು ದಿನ ಹಚ್ಚಿ ನಿಲ್ಲಿಸುತ್ತೇವೆ. ಗುಳ್ಳೆಯೇ ಮುಖ್ಯವಾದರೆ ಸ್ಟೀರಾಯ್ಡ್ ಪೂರ್ತಿ ಬಿಡಿಸಿ ಮೆಟ್ರೊನಿಡಜೋಲ್ ಜೆಲ್ ಥರದ್ದು ಕೊಡುತ್ತೇವೆ. ಮತ್ತೆ ಮತ್ತೆ ಬರುವ ಇಸುಬಿಗೆ ಎರಡು ವರ್ಷ ದಾಟಿದ ಮಕ್ಕಳಿಗೆ ಟಾಕ್ರೊಲಿಮಸ್ 0.03% ಆಯಿಂಟ್‌ಮೆಂಟ್ ಇದೆ. ಅದು ಸ್ಟೀರಾಯ್ಡ್ ಅಲ್ಲ, ಚರ್ಮ ತೆಳು ಮಾಡುವುದಿಲ್ಲ. ಮೊದಲ ಕೆಲವು ದಿನ ಸ್ವಲ್ಪ ಉರಿಯುತ್ತದೆ, ಅಷ್ಟೇ.

ಯಾವ ದಾರಿ ಹಿಡಿದರೂ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಮುಖ ಮೊದಲಿಗಿಂತ ಕೆಂಪಾಗಬಹುದು. ಇದು ಒಂದೆರಡು ವಾರ, ಕೆಲವರಲ್ಲಿ ಇನ್ನೂ ಹೆಚ್ಚು ದಿನ ಇರುತ್ತದೆ. ಅಜ್ಜಿ, ಅತ್ತೆ ಎಲ್ಲರೂ 'ಆ ಹಳೇ ಟ್ಯೂಬೇ ಚೆನ್ನಾಗಿತ್ತಲ್ಲಾ' ಅನ್ನುವುದು ಸರಿಯಾಗಿ ಆಗಲೇ. ಡಾಕ್ಟರಿಗೆ ತೋರಿಸಿದ ಮೇಲೆ ಟ್ಯೂಬನ್ನು ಮನೆಯಿಂದಲೇ ಸಾಗಹಾಕಿ. ಇನ್ನೊಂದು ಮಾತು. ಎರಡು ತಿಂಗಳು ಇಷ್ಟು ಪ್ರಬಲವಾದದ್ದು ಹಚ್ಚಿದಾಗ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ತಗ್ಗಿಸಿರುವ ಸಾಧ್ಯತೆ ಇದೆ. ಕೆನ್ನೆಯಷ್ಟೇ ಜಾಗಕ್ಕೆ ಅಪರೂಪ, ಆದರೂ ಡಾಕ್ಟರಿಗೆ ಬಿಡದೆ ಹೇಳಿ. ಮಗು ಮಂಕಾಗಿ ಮಲಗಿದರೆ, ವಾಂತಿ ನಿಲ್ಲದಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮುಖದ ಮೇಲೆ ನೀರುಗುಳ್ಳೆ ಗುಂಪುಗುಂಪಾಗಿ ಎದ್ದು ಜ್ವರ ಬಂದರೂ ಅಷ್ಟೇ.

ಅಳತೆ ಹೇಳದೆ ಹೈಡ್ರೊಕಾರ್ಟಿಸೋನ್ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿ. ಅದು ಸುಮಾರು ಅರ್ಧ ಗ್ರಾಂ, ಬೆರಳೂ ಸೇರಿದ ನಿಮ್ಮ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಮೂರು ವರ್ಷದ ಮಗುವಿನ ಎರಡೂ ಕೆನ್ನೆ ಸೇರಿದರೂ ನಿಮ್ಮ ಅರ್ಧ ಅಂಗೈ. ಅಂದರೆ ಆ ಎಳೆಯಲ್ಲಿ ಕಾಲು ಭಾಗ. ದಿನಕ್ಕೆರಡು ಸಲ ಹಚ್ಚಿದರೆ ಕಾಲು ಗ್ರಾಂ, 15 ಗ್ರಾಂನ ಒಂದು ಟ್ಯೂಬ್ ಎರಡು ತಿಂಗಳಿಗಾಗುತ್ತದೆ. ನಿಮ್ಮಲ್ಲಿ ಅಷ್ಟೇ ಸಮಯಕ್ಕೆ ಎರಡು ಮುಗಿದಿವೆ, ಅಂದರೆ ದುಪ್ಪಟ್ಟು. ಕಣ್ಣಿನ ರೆಪ್ಪೆಗೆ ನೀವಾಗಿಯೇ ಹಚ್ಚಬೇಡಿ, ಕಣ್ಣಿನೊಳಗೆ ಒತ್ತಡ ಏರಬಹುದು. ಹಚ್ಚಿದ ಕೈಯನ್ನು ತೊಳೆದುಕೊಳ್ಳಿ. ಸ್ಟೀರಾಯ್ಡ್ ಇರಲಿ, ಇಲ್ಲದಿರಲಿ, ವಾಸನೆಯಿಲ್ಲದ ಮಾಯಿಶ್ಚರೈಸರ್ ದಿನಕ್ಕೆ ಎರಡು ಮೂರು ಸಲ ಬೇಕೇ ಬೇಕು. ಎರಡರ ನಡುವೆ ಅರ್ಧ ಗಂಟೆ ಬಿಡಿ.

ಇಷ್ಟೆಲ್ಲ ಓದಿ ಸ್ಟೀರಾಯ್ಡ್ ಅಂದರೇ ಬೇಡ ಅಂತ ಹೆದರುವವರೂ ಇದ್ದಾರೆ. ಅದೂ ತಾಪತ್ರಯವೇ. ಸರಿಯಾಗಿ ಹಚ್ಚಿದ ಹೈಡ್ರೊಕಾರ್ಟಿಸೋನ್ 1% ಒಂದು ವಾರದಲ್ಲಿ ಚರ್ಮವನ್ನು ತೆಳು ಮಾಡುವುದಿಲ್ಲ. ಮಗು ರಾತ್ರಿಯಿಡೀ ಕೆರೆದುಕೊಂಡು ರಕ್ತ ಬರಿಸಿಕೊಳ್ಳುವುದಕ್ಕಿಂತ ಆ ಒಂದು ವಾರ ಎಷ್ಟೋ ವಾಸಿ.

ಕೊನೆಗೆ ಮಚ್ಚೆ. ತೊನ್ನಿನ ಮಚ್ಚೆ ಹಾಲಿನಂತೆ ಅಚ್ಚ ಬಿಳಿ, ಅಂಚು ಸ್ಪಷ್ಟ. ಇಸುಬು ಬಂದುಹೋದ ಕೆನ್ನೆಯ ಮಚ್ಚೆ ಬರೀ ಬಿಳಿಚಿರುತ್ತದೆ, ಅಂಚು ಮಸುಕು, ಮುಟ್ಟಿದರೆ ಸ್ವಲ್ಪ ಒರಟು. ಪ್ರಬಲ ಸ್ಟೀರಾಯ್ಡ್ ಕೂಡ ಹೀಗೆ ಬಣ್ಣ ತಗ್ಗಿಸುತ್ತದೆ. ನೀವು ಬರೆದದ್ದು ನೋಡಿದರೆ ಇದು ತೊನ್ನಲ್ಲ ಅನ್ನಿಸುತ್ತದೆ, ಡಾಕ್ಟರು ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ಬೆಳಕಿನಲ್ಲಿ ನೋಡಿ ಖಚಿತಪಡಿಸುತ್ತಾರೆ. ಊರಲ್ಲಿ ಇದಕ್ಕೆ ಜಂತುಹುಳ, ಕ್ಯಾಲ್ಸಿಯಂ ಕಮ್ಮಿ ಅಂತ ಹೇಳಿ ಸಿರಪ್ ಕುಡಿಸುತ್ತಾರೆ. ಅದರಿಂದ ಮಚ್ಚೆ ಹೋಗುವುದಿಲ್ಲ. ಮಾಯಿಶ್ಚರೈಸರ್ ಹಚ್ಚುತ್ತಾ, ಬಿಸಿಲಲ್ಲಿ ಟೋಪಿ ಹಾಕಿಸಿ. ಬಣ್ಣ ತಾನಾಗಿ ಮರಳುತ್ತದೆ, ಅದಕ್ಕೆ ಕೆಲವು ತಿಂಗಳು ಹಿಡಿಯುತ್ತದೆ.